ಇವತ್ತು ಕ್ಲಾಸ್ ಇಲ್ಲ: ಒಂದು ಮೇಲ್ ಮತ್ತು ನಾಲ್ಕನೇ ಶನಿವಾರದ ಕಥೆ

ಈ ಸಲದ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಕ್ಲಾಸ್ ಕ್ಯಾನ್ಸಲ್ ಮಾಡೋ ಮೇಲ್ ಬಗ್ಗೆ ಒಂದು ಇಡೀ ಮಾತಾ ಅಂತ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಎರಡು ಸಾಲು ಟೈಪ್ ಮಾಡಿ ಕಳಿಸಿದರೆ ಆಯ್ತು ಅಂತ. ಹಾಗೆ ಎರಡು ಸಾಲು ಕಳಿಸಿ ನಾನು ಒಬ್ಬ ವಿದ್ಯಾರ್ಥಿಯನ್ನ ಹೆಚ್ಚುಕಡಿಮೆ ಕಳೆದುಕೊಂಡೆ. ಆ ಕಥೆಯಿಂದಲೇ ಶುರು ಮಾಡ್ತೀನಿ.

ಹಗಲು ನಾನು ನಿಮ್ಮ ಹಾಗೇ ಸಾಫ್ಟ್‌ವೇರ್ ಕೆಲಸದವನು. ಮಂಗಳವಾರ ಮತ್ತು ಗುರುವಾರ ಸಂಜೆ 7ರಿಂದ 8:30ರ ತನಕ ಮುಂಬೈನ ಫೋರ್ಟ್‌ನಲ್ಲಿ ಕನ್ನಡದಲ್ಲಿ ಎಸ್‌ಕ್ಯೂಎಲ್ ಹೇಳಿಕೊಡ್ತೀನಿ, ಫೀಸ್ ಇಲ್ಲ. ಪರಿಚಯದವರೊಬ್ಬರು ಕೊಟ್ಟ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯ ಒಂದು ಕೋಣೆ. ಲಿಫ್ಟ್ ಇಲ್ಲ, ಬೀಗದ ಕೈ ವಾಚ್‌ಮನ್ ಹತ್ತಿರ. ಫೋರ್ಟ್ ಯಾಕೆ ಅಂದ್ರೆ ಒಂದು ಕಡೆ ಸಿಎಸ್‌ಎಂಟಿ, ಇನ್ನೊಂದು ಕಡೆ ಚರ್ಚ್‌ಗೇಟ್. ಸೆಂಟ್ರಲ್, ಹಾರ್ಬರ್, ವೆಸ್ಟರ್ನ್ ಮೂರೂ ಲೈನಿನವರು ಇಳಿದು ನಡೆದುಕೊಂಡೇ ಬರಬಹುದು.

ಆ ಬ್ಯಾಚಿನಲ್ಲಿ ಹದಿನಾಲ್ಕು ಜನ ಇದ್ದರು. ಐವರು ಠಾಣೆ, ಡೊಂಬಿವಲಿ, ಕಲ್ಯಾಣ ಕಡೆಯವರು. ಮೂವರು ನವಿ ಮುಂಬೈಯವರು. ನಾಲ್ವರು ಅಂಧೇರಿಯಿಂದ ವಿರಾರ್ ತನಕ ಅಲ್ಲಲ್ಲಿ. ಉಳಿದ ಇಬ್ಬರು ಮಾಟುಂಗಾದವರು. ಅದರಲ್ಲಿ ಒಬ್ಬ ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್. ಬಿಲ್ಲಿಂಗ್ ಕಂಪ್ಯೂಟರ್ ಮುಂದೆ ಕೂತು ಕೂತು, ಇದರೊಳಗೆ ಏನಿದೆ ಅಂತ ಕುತೂಹಲ ಹುಟ್ಟಿ ಬಂದವನು. ಆ ಬ್ಯಾಚಿನಲ್ಲಿ ಅವನಷ್ಟು ಚುರುಕಾಗಿ ಕ್ವೆರಿ ಬರೆಯೋರು ಇನ್ನೊಬ್ಬರು ಇರಲಿಲ್ಲ.

ನವೆಂಬರಿನ ಒಂದು ಮಂಗಳವಾರ ಆಫೀಸಿನಲ್ಲಿ ಪ್ರೊಡಕ್ಷನ್ ಕೈಕೊಟ್ಟಿತು. ಮಧ್ಯಾಹ್ನ 3 ಗಂಟೆಗೇ ಗೊತ್ತಾಗಿತ್ತು, ಇದು ಏಳು ಗಂಟೆಗೆ ಮುಗಿಯೋ ಕಥೆ ಅಲ್ಲ ಅಂತ. ಆದರೂ ಆಸೆ ನೋಡಿ, ಮುಗಿದರೂ ಮುಗಿಯಬಹುದು ಅಂತ ಕಾದೆ. 5:50ಕ್ಕೆ ಕೈಚೆಲ್ಲಿ ಒಂದು ಮೇಲ್ ಹಾಕಿದೆ. ಅದು ಹೀಗಿತ್ತು:

ವಿಷಯ: ತರಗತಿಯ ಕುರಿತು
"ಆತ್ಮೀಯರೇ, ಕಳೆದ ಆರು ವಾರಗಳಿಂದ ನಮ್ಮ ತರಗತಿಗಳು ಸುಗಮವಾಗಿ ನಡೆದುಕೊಂಡು ಬಂದಿರುವುದು ನಿಮಗೆಲ್ಲ ತಿಳಿದೇ ಇದೆ. ಆದರೆ ಕಚೇರಿಯ ಕೆಲವು ಅನಿವಾರ್ಯ ಕಾರಣಗಳಿಂದಾಗಿ ಇಂದಿನ ತರಗತಿಯನ್ನು ನಡೆಸಲು ಸಾಧ್ಯವಾಗುತ್ತಿಲ್ಲ. ಪರ್ಯಾಯ ತರಗತಿಯ ಬಗ್ಗೆ ಶೀಘ್ರದಲ್ಲಿಯೇ ತಿಳಿಸಲಾಗುವುದು."

ಭಾಷೆಯಲ್ಲಿ ತಪ್ಪಿಲ್ಲ, ವಿನಯ ಬೇಕಾದಷ್ಟಿದೆ. ಆದರೂ 6:50ಕ್ಕೆ ನಾಲ್ಕು ಜನ ಮೂರು ಮಹಡಿ ಹತ್ತಿ ಬೀಗ ನೋಡಿಕೊಂಡು ನಿಂತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ, ಯಾಕೆ ಹೀಗಾಯ್ತು ಅಂತ.

ಇಬ್ಬರು ಮೇಲ್ ಬಂದಿದ್ದನ್ನ ನೋಡಿದ್ದರು, ಬಿಚ್ಚಿರಲಿಲ್ಲ. ತುಂಬಿದ ಲೋಕಲಿನಲ್ಲಿ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಪರದೆ ಮೇಲೆ ಕಂಡಿದ್ದು "ತರಗತಿಯ ಕುರಿತು, ಆತ್ಮೀಯರೇ, ಕಳೆದ ಆರು ವಾರಗಳಿಂದ" ಅಷ್ಟೇ. ಹೋಮ್‌ವರ್ಕ್ ಇರಬೇಕು, ಇಳಿದ ಮೇಲೆ ನೋಡೋಣ ಅಂದುಕೊಂಡರು. ಮೂರನೆಯವಳು ಮೇಲ್ ಓದಿದ್ದಳು. ಆದರೆ 6:30ಕ್ಕೆ ಫೋನಿನ ಕ್ಯಾಲೆಂಡರ್ "7:00ಕ್ಕೆ ಕ್ಲಾಸ್" ಅಂತ ಟಿಂಗ್ ಅಂದಿತು. ಸರ್ ಕೆಲಸ ಮುಗಿಸಿದ್ದಾರೆ, ಕ್ಲಾಸ್ ಮತ್ತೆ ಇದೆ ಅಂತ ಬಂದುಬಿಟ್ಟಳು. ಅವಳದ್ದೇನೂ ತಪ್ಪಿಲ್ಲ. ನಾನು ಮೇಲ್ ಹಾಕಿದ್ದೆ, ಕ್ಯಾಲೆಂಡರಿನಿಂದ ಕ್ಲಾಸ್ ತೆಗೆದಿರಲಿಲ್ಲ. ಎರಡು ಕಡೆ ಎರಡು ಮಾತು ಇದ್ದಾಗ ಜನ ಕೊನೆಗೆ ಕೇಳಿಸಿದ್ದನ್ನ ನಂಬ್ತಾರೆ.

ನಾಲ್ಕನೆಯವನು ಆ ಕ್ಯಾಶಿಯರ್. ಅವನಿಗೆ ಮೇಲ್ ನೋಡೋ ಅಭ್ಯಾಸವೇ ಇಲ್ಲ. ಅವನು ಆ ಹೊತ್ತು ಏನೂ ಹೇಳಲಿಲ್ಲ. ಗುರುವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ.

ಈಗ ನನ್ನ ಎರಡನೇ ತಪ್ಪು. ಬದಲಿ ಕ್ಲಾಸ್ ಇಡಬೇಕಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದೆ: ಶನಿವಾರ ಸಂಜೆ 6, ಭಾನುವಾರ ಬೆಳಿಗ್ಗೆ 11, ಬುಧವಾರ ಸಂಜೆ 7, ಯಾವುದು ಬೇಕು? ಭಾನುವಾರಕ್ಕೆ ಒಂಬತ್ತು ವೋಟು. ಪ್ರಜಾಪ್ರಭುತ್ವ, ಭಾನುವಾರವೇ ಆಗಲಿ ಅಂದೆ. ಬಂದವರು ಆರು ಜನ.

ಮುಂಬೈಯಲ್ಲಿರೋರಿಗೆ ಈಗಾಗಲೇ ಗೊತ್ತಾಗಿರುತ್ತೆ. ಬೆಂಗಳೂರಿನಲ್ಲಿ ಕೂತು ಕೇಳ್ತಿರೋರಿಗೆ ಹೇಳ್ತೀನಿ. ಇಲ್ಲಿ ಭಾನುವಾರ ಮೆಗಾ ಬ್ಲಾಕ್ ಅಂತ ಇರುತ್ತೆ. ಹಳಿ, ಸಿಗ್ನಲ್, ತಂತಿ ರಿಪೇರಿಗೆ ಅಂತ ಒಂದೊಂದು ಭಾಗವನ್ನ ಸಾಮಾನ್ಯವಾಗಿ ಬೆಳಿಗ್ಗೆ ಹತ್ತು-ಹನ್ನೊಂದರಿಂದ ಮಧ್ಯಾಹ್ನ ಮೂರು-ನಾಲ್ಕರ ತನಕ ಬಂದ್ ಮಾಡ್ತಾರೆ. ಸೆಂಟ್ರಲ್ ಲೈನಿನಲ್ಲಿ ಎಷ್ಟೋ ಸಲ ಮಾಟುಂಗಾ-ಮುಲುಂಡ್ ನಡುವೆ ಸ್ಲೋ ಗಾಡಿಗಳನ್ನ ಫಾಸ್ಟ್ ಲೈನಿಗೆ ತಿರುಗಿಸ್ತಾರೆ, ಕೆಲವು ಸ್ಟೇಷನ್ನಿನಲ್ಲಿ ಗಾಡಿ ನಿಲ್ಲೋದೇ ಇಲ್ಲ. ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಗೆ ಬರೋ ಗಾಡಿಗಳೇ ಕೆಲವು ಗಂಟೆ ಇರೋದಿಲ್ಲ. ಯಾವ ಲೈನು, ಎಷ್ಟು ಹೊತ್ತು ಅಂತ ಒಂದೆರಡು ದಿನ ಮುಂಚೆಯಷ್ಟೇ ತಿಳಿಯೋದು. ಬುಧವಾರ ವೋಟ್ ಹಾಕಿದವರಿಗೆ ಶನಿವಾರ ಬ್ಲಾಕ್ ಸುದ್ದಿ ಬಂತು. ಭಾನುವಾರ 11 ಗಂಟೆ ಅಂದ್ರೆ ಸರಿಯಾಗಿ ಬಾಗಿಲು ಮುಚ್ಚೋ ಹೊತ್ತು.

ಅದಕ್ಕಿಂತ ನನ್ನನ್ನ ಹೆಚ್ಚು ಕಾಡಿದ್ದು ವೋಟೇ ಹಾಕದ ಐವರು. ಹದಿನಾಲ್ಕರಲ್ಲಿ ಒಂಬತ್ತು ಅಂದ್ರೆ ಬಹುಮತ ಅಂತ ಲೆಕ್ಕ ಹಾಕಿದೆ. ಆ ಐವರು ಸುಮ್ಮನಿದ್ದಿದ್ದು ಯಾವುದಾದರೂ ಸರಿ ಅಂತ ಅಲ್ಲ, ನನ್ನ ಮೂರು ಆಯ್ಕೆಯಲ್ಲಿ ಯಾವುದೂ ಅವರಿಗೆ ಆಗುತ್ತಿರಲಿಲ್ಲ. ಕ್ಯಾಶಿಯರಿಗಂತೂ ಭಾನುವಾರ 11 ಗಂಟೆ ಅಂದ್ರೆ ಹೋಟೆಲಿನಲ್ಲಿ ವಾರದಲ್ಲೇ ಹೆಚ್ಚು ರಶ್ ಶುರುವಾಗೋ ಹೊತ್ತು.

ಮೂರನೇ ವಾರ ಅವನನ್ನ ಹುಡುಕಿಕೊಂಡು ಮಾಟುಂಗಾಕ್ಕೇ ಹೋದೆ. ಕೌಂಟರಿನಲ್ಲೇ ಇದ್ದ. ಕಾಫಿ ತರಿಸಿದ. ಏನಪ್ಪಾ, ಬಿಟ್ಟೇಬಿಟ್ಟೆಯಾ ಅಂದೆ. "ಸರ್, ನಿಮಗೆ ಹೇಗೆ ಹೇಳೋದು" ಅಂದ. ಮಂಗಳವಾರ ಸಂಜೆ ಅವನ ಜಾಗದಲ್ಲಿ ಕೂರೋಕೆ ಇನ್ನೊಬ್ಬ ಹುಡುಗ ಒಪ್ಪಿಕೊಂಡಿದ್ದ. ಅದಕ್ಕೆ ಬದಲಾಗಿ ಇವನು ತನ್ನ ವಾರದ ರಜೆ ಬಿಟ್ಟುಕೊಟ್ಟಿದ್ದ. ಕ್ಲಾಸ್ ಇಲ್ಲ ಅಂತ ವಾಪಸ್ ಬಂದಾಗ ರಜೆ ವಾಪಸ್ ಸಿಗಲಿಲ್ಲ. "ಇನ್ನೊಂದು ಸಲ ಮಾಲಕರ ಹತ್ತಿರ ಕೇಳ್ಲಿಕ್ಕೆ ಮುಖ ಇಲ್ಲ ಸರ್."

ಅಲ್ಲೇ ಪಕ್ಕದ ಟೇಬಲಿನಲ್ಲಿ ಒಬ್ಬ ಹಿರಿಯರು ಕೂತಿದ್ದರು, ಆ ಹೋಟೆಲಿಗೆ ದಿನಾ ಬರೋರು. ನಮ್ಮ ಮಾತು ಕೇಳಿಸಿಕೊಂಡು, "ಮಾಸ್ಟ್ರೇ, ನಾನು ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವ" ಅಂದರು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ, ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಅಂತಲೇ ಫೋರ್ಟ್‌ನಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಮೊಗವೀರರ ಉಚಿತ ರಾತ್ರಿ ಶಾಲೆ ಅದರಲ್ಲೊಂದು. ಹಗಲು ಗ್ಲಾಸು ತೊಳೆದು ರಾತ್ರಿ ಓದಿ ಬ್ಯಾಂಕು, ಕೋರ್ಟು ಸೇರಿದವರು ಈ ಊರಲ್ಲಿ ತುಂಬ ಇದ್ದಾರೆ. ಈ ಹಿರಿಯರು ಹೇಳಿದ್ದು ಇಷ್ಟು: "ನಮಗೆ ಶಾಲೆಗೆ ಹೋಗುವ ಎರಡು ಗಂಟೆ ಧಣಿ ಬಿಟ್ಟುಕೊಟ್ಟದ್ದು. ಶಾಲೆ ಇಲ್ಲ ಅಂತ ಬೇಗ ವಾಪಸ್ ಹೋದರೆ ಮರುದಿನ ಕೇಳುವುದು, ನಿಜವಾಗಿ ಶಾಲೆ ಉಂಟಾ, ಇಲ್ಲ ಸಿನಿಮಾಕ್ಕೆ ಹೋಗುವುದಾ ಅಂತ."

ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನು 90 ನಿಮಿಷ ಕ್ಯಾನ್ಸಲ್ ಮಾಡಿದ್ದೆ, ಬೇರೆ 90 ನಿಮಿಷ ಕೊಟ್ಟರೆ ಲೆಕ್ಕ ಸರಿ ಅಂದುಕೊಂಡಿದ್ದೆ. ಆ ಹುಡುಗನ ಪಾಲಿಗೆ ಅದು 90 ನಿಮಿಷ ಅಲ್ಲ, ಒಂದು ಪರ್ಮಿಷನ್. ಅದನ್ನ ಇನ್ನೊಬ್ಬರ ಹತ್ತಿರ ಕೇಳಿ ತಂದಿರ್ತಾನೆ. ನಾನು ಇನ್ನೊಂದು ಹೊತ್ತು ಇಟ್ಟರೆ ಅವನು ಇನ್ನೊಂದು ಸಲ ಹೋಗಿ ಕೇಳಬೇಕು.

ಫೆಬ್ರವರಿಯಲ್ಲಿ ಮತ್ತೆ ಕ್ಲಾಸ್ ಕ್ಯಾನ್ಸಲ್ ಮಾಡೋ ಪ್ರಸಂಗ ಬಂತು. ಈ ಸಲ ನನ್ನ ಗಂಟಲು ಹೋಗಿತ್ತು, ಜ್ವರ ಬೇರೆ. ಆ ಹೊತ್ತಿಗೆ ಕ್ಯಾಶಿಯರ್ ವಾಪಸ್ ಬಂದಿದ್ದ. ಅವನಿಗೆ ನಾನು ಕೊಟ್ಟ ಮಾತು ಒಂದೇ: ಕ್ಲಾಸ್ ಡೌಟು ಅಂತ ಅನಿಸಿದರೂ ಮಧ್ಯಾಹ್ನ 12ರೊಳಗೆ ಫೋನ್ ಮಾಡ್ತೀನಿ, ಯಾಕಂದ್ರೆ ಅವನು ಡ್ಯೂಟಿ ಬದಲಾಯಿಸಿಕೊಳ್ಳೋದು ಆ ಹೊತ್ತಿಗೆ. ಉಳಿದವರಿಗೆ ಗಡುವು ಬೇರೆ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲಿನಲ್ಲಿ ಸುಮಾರು ಒಂದು ಗಂಟೆ, ಪನ್ವೇಲ್ ಮತ್ತು ವಿರಾರಿನಿಂದ ಇನ್ನೂ ಜಾಸ್ತಿ. ಮನೆಯಿಂದ ಸ್ಟೇಷನ್, ಸ್ಟೇಷನ್ನಿನಿಂದ ಕ್ಲಾಸ್ ಸೇರಿಸಿದರೆ ಎರಡು ಗಂಟೆ ಹಿಡೀರಿ. 7 ಗಂಟೆಯ ಕ್ಲಾಸಿಗೆ 5ರೊಳಗೆ ಅವರು ಹೊರಟಿರ್ತಾರೆ. ಹಾಗಾಗಿ 4:30 ನನ್ನ ಕೊನೇ ಗಡುವು. ಅಷ್ಟರೊಳಗೆ ಕ್ಲಾಸ್ ಇದೆ ಅಂತ ಖಾತ್ರಿ ಇಲ್ಲದಿದ್ದರೆ ಇಲ್ಲ ಅಂತಲೇ. ಆಮೇಲೆ ಪ್ರೊಡಕ್ಷನ್ ಸರಿಹೋದರೂ ಸರಿ, ಜ್ವರ ಇಳಿದರೂ ಸರಿ, ಮತ್ತೆ ಇದೆ ಅನ್ನೋದಿಲ್ಲ.

ಒಂದು ಮಾತು ನಡುವೆ. ಮಳೆಗಾಲದಲ್ಲಿ ಫೋರ್ಟ್‌ನ ಕಿಟಕಿಯಿಂದ ಆಕಾಶ ನೋಡಿ ತೀರ್ಮಾನ ಮಾಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ದಾಖಲಾಯಿತು, ಫೋರ್ಟ್ ಪಕ್ಕದ ಕೊಲಾಬಾದಲ್ಲಿ 73ರ ಆಸುಪಾಸು. ನಿಮ್ಮ ಕೊಡೆ ಒದ್ದೆ ಆಗೋ ಮೊದಲೇ ಅವರ ಹಳಿ ಮುಳುಗಿರುತ್ತೆ. ಸಯನ್, ಕುರ್ಲಾ ಕಡೆ ನೀರು ನಿಂತಿದೆಯಾ ಅಂತ ವಿದ್ಯಾರ್ಥಿಗಳನ್ನೇ ಕೇಳಿ.

ಸರಿ, ಆ ಫೆಬ್ರವರಿ ಮಂಗಳವಾರ ಬೆಳಿಗ್ಗೆ 11:30ಕ್ಕೆ ಕ್ಯಾಶಿಯರಿಗೆ ಫೋನ್. ಮಧ್ಯಾಹ್ನ 2ಕ್ಕೆ ಎಲ್ಲರಿಗೂ ಈ ಮೇಲ್:

ವಿಷಯ: ಇಂದು ಕ್ಲಾಸ್ ಇಲ್ಲ (ಮಂಗಳ, ಫೆ. 13, ಸಂಜೆ 7)
"ಇಂದು ಮಂಗಳವಾರ ಫೆ. 13ರ ಕ್ಲಾಸ್ ಇಲ್ಲ. ನನಗೆ ಜ್ವರ, ಮಾತಾಡಲು ಆಗುತ್ತಿಲ್ಲ. ಕ್ಷಮಿಸಿ.
ಈಗಾಗಲೇ ಹೊರಟಿದ್ದರೆ ದಯವಿಟ್ಟು ವಾಪಸ್ ಹೋಗಿ, ಕೋಣೆಗೆ ಬೀಗ ಹಾಕಿರುತ್ತದೆ.
ಗುರುವಾರ ಫೆ. 15ರ ಕ್ಲಾಸ್ ಎಂದಿನಂತೆ ಸಂಜೆ 7ಕ್ಕೆ ಇದೆ. ಬದಲಿ ಕ್ಲಾಸ್ ಯಾವಾಗ ಅಂತ ಅಂದು ಎಲ್ಲರೂ ಕೂತು ತೀರ್ಮಾನಿಸೋಣ. ಅಲ್ಲಿಯವರೆಗೆ ಏನೂ ಮಾಡಬೇಕಿಲ್ಲ.
ಓದಿದವರು 'ಸರಿ' ಅಂತ ಒಂದು ಪದ ಕಳಿಸಿ. 4 ಗಂಟೆಯೊಳಗೆ ಉತ್ತರ ಬರದವರಿಗೆ ಫೋನ್ ಮಾಡುತ್ತೇನೆ."

ಇದರಲ್ಲಿ ಏನು ಬದಲಾಗಿದೆ ನೋಡಿ. ವಿಷಯದ ಸಾಲಿನ ಮೊದಲ ಮೂರು ಪದದಲ್ಲೇ ಸುದ್ದಿ ಮುಗಿದಿದೆ. ಮೇಲ್ ಬಿಚ್ಚದವನಿಗೂ ತಲುಪುತ್ತೆ. ವಾರ, ತಾರೀಖು ಎರಡೂ ಇದೆ. ಬರೀ "ಇಂದು" ಅಂದರೆ ನಾಳೆ ಬೆಳಿಗ್ಗೆ ಮೇಲ್ ನೋಡಿದವನಿಗೆ ಅದು ಬುಧವಾರ. "ಮುಂದಿನ ಗುರುವಾರ" ಅನ್ನೋದಂತೂ ಬೇಡವೇ ಬೇಡ. ಅರ್ಧ ಜನಕ್ಕೆ ಅದು ನಾಡಿದ್ದು, ಇನ್ನರ್ಧ ಜನಕ್ಕೆ ಬರೋ ವಾರ. ನಿನ್ನೆಗೂ ನಾಳೆಗೂ "ಕಲ್" ಅನ್ನೋ ಹಿಂದಿಯ ಊರಲ್ಲಿದ್ದೀವಿ, ತಾರೀಖು ಹಾಕೋದೇ ವಾಸಿ.

ಇದನ್ನ ಹೊಸ ಮೇಲ್ ಆಗಿ ಕಳಿಸಿದೆ. ಹೋದ ವಾರದ ಹೋಮ್‌ವರ್ಕ್ ಮೇಲಿಗೆ ರಿಪ್ಲೈ ಮಾಡಿದರೆ ಸುಲಭ, ಎಲ್ಲರ ವಿಳಾಸ ಅಲ್ಲೇ ಇರುತ್ತೆ. ಆದರೆ ಆಗ ಇನ್‌ಬಾಕ್ಸಿನಲ್ಲಿ ಹಳೇ ವಿಷಯದ ಸಾಲೇ ಕಾಣೋದು, ಸುದ್ದಿ ಅದರ ಹೊಟ್ಟೆಯೊಳಗೆ. ಬದಲಿ ಕ್ಲಾಸಿನ ದಿನವನ್ನ ಈ ಮೇಲಿನಲ್ಲಿ ಹಾಕಲಿಲ್ಲ. ಹಾಕಿದ್ದರೆ ಅದೇ ಮೇಲಿಗೆ ಹದಿನಾಲ್ಕು ಜನ ನನಗಾಗಲ್ಲ, ನನಗಾಗುತ್ತೆ ಅಂತ ಬರೆದು, ಕ್ಲಾಸ್ ಇಲ್ಲ ಅನ್ನೋ ಮುಖ್ಯ ಮಾತೇ ಮುಳುಗಿ ಹೋಗುತ್ತಿತ್ತು. ಯಾವತ್ತು ತೀರ್ಮಾನ ಆಗುತ್ತೆ ಅಂತ ಮಾತ್ರ ಹೇಳಿದೆ. "ಶೀಘ್ರದಲ್ಲಿ" ಅನ್ನೋದಕ್ಕೂ ಇದಕ್ಕೂ ವ್ಯತ್ಯಾಸ ಅಷ್ಟೇ.

ಮೇಲ್ ಆದ ಕೂಡಲೇ ಕ್ಯಾಲೆಂಡರ್. ವಾರ ವಾರ ಬರೋ ಕ್ಲಾಸನ್ನ ಗೂಗಲ್ ಕ್ಯಾಲೆಂಡರಿನಲ್ಲಿ ಅಳಿಸಲು ಹೋದರೆ ಮೂರು ಆಯ್ಕೆ ಕೇಳುತ್ತೆ: This event, This and following events, All events. ಮೊದಲನೆಯದು ನಮಗೆ ಬೇಕಾದ್ದು. ಜ್ವರದ ಕಣ್ಣಲ್ಲಿ ಎರಡನೆಯದು ಒತ್ತಿದರೆ ಇಡೀ ಕೋರ್ಸ್ ಕ್ಯಾನ್ಸಲ್ ಆಯ್ತು ಅಂತ ಎಲ್ಲರ ಕ್ಯಾಲೆಂಡರಿನಿಂದ ಮಾಯ. ಅಳಿಸುವಾಗ ಅತಿಥಿಗಳಿಗೆ ತಿಳಿಸಬೇಕಾ ಅಂತ ಕೇಳಿದರೆ ಹೌದು ಅನ್ನಿ. ನಾಲ್ಕು ಗಂಟೆಗೆ ಹನ್ನೊಂದು "ಸರಿ" ಬಂದಿತ್ತು. ಕ್ಯಾಶಿಯರಿಗೆ ಆಗಲೇ ಗೊತ್ತು. ಉಳಿದ ಇಬ್ಬರಿಗೆ, ಹೋದ ಗಂಟಲಲ್ಲೇ, ಫೋನ್ ಮಾಡಿದೆ. ಅವತ್ತು ಯಾರೂ ಮಹಡಿ ಹತ್ತಲಿಲ್ಲ.

ಈಗ ಬದಲಿ ಕ್ಲಾಸ್. ಗುರುವಾರ ಎಲ್ಲರೂ ಎದುರಿಗಿದ್ದರು. ಪೋಲ್ ಬೇಡ ಅಂತ ಒಂದು ಹಾಳೆ ತಿರುಗಿಸಿದೆ. ಆರು ಹೊತ್ತು ಬರೆದಿದ್ದೆ, ಪ್ರಶ್ನೆ ಮಾತ್ರ ಉಲ್ಟಾ: ಯಾವುದು ಬೇಕು ಅಂತ ಅಲ್ಲ, ಯಾವುದಕ್ಕೆ ಬರಲು ಸಾಧ್ಯವೇ ಇಲ್ಲ. ಅಲ್ಲಿ ಕಾಟು ಹಾಕಿ, ಪಕ್ಕದಲ್ಲಿ ಕಾರಣ ಒಂದು ಪದದಲ್ಲಿ ಬರೀರಿ ಅಂದೆ. ಬೇಕು ಅಂತ ಕೇಳಿದರೆ ಜನ ಆಸೆ ಹೇಳ್ತಾರೆ. ಆಗಲ್ಲ ಅಂತ ಕೇಳಿದರೆ ಅಡ್ಡಿ ಹೇಳ್ತಾರೆ, ಮತ್ತು ಸುಮ್ಮನಿರೋದಕ್ಕೆ ಅವಕಾಶ ಇರೋದಿಲ್ಲ.

ಹಾಳೆ ವಾಪಸ್ ಬಂದಾಗ ಬುಧವಾರ ಸಂಜೆ 7ಕ್ಕೆ ಬರೀ ಎರಡು ಕಾಟು, ಎಲ್ಲಕ್ಕಿಂತ ಕಡಿಮೆ. ಹಳೇ ನಾನಾಗಿದ್ದರೆ ಅಲ್ಲಿಗೇ ಮುಗಿಸ್ತಿದ್ದೆ. ಆದರೆ ಆ ಎರಡು ಕಾಟು ಯಾರದ್ದು ನೋಡಿ: ಒಂದು ಕ್ಯಾಶಿಯರಿನದು, ಇನ್ನೊಂದು ಆಸ್ಪತ್ರೆ ಲ್ಯಾಬಿನಲ್ಲಿ ಶಿಫ್ಟ್ ಕೆಲಸ ಮಾಡೋ ಹುಡುಗಿಯದು. ನವೆಂಬರಿನಲ್ಲೂ ಬಿಟ್ಟುಹೋದವರು ಇವರೇ. ಬಹುಮತ ನೋಡಿದರೆ ಪ್ರತಿ ಸಲ ಬಿಟ್ಟುಹೋಗೋರು ಅದೇ ಇಬ್ಬರು. ಗುರುವಾರದ ಕ್ಲಾಸನ್ನೇ 9:15ರ ತನಕ ಎಳೆದರೆ ಹೇಗೆ ಅಂದೆ. ನಾಲ್ಕು ಕಾಟು, ಕಾರಣ "ಬಸ್" ಮತ್ತು "ಹಾಸ್ಟೆಲ್ ಗೇಟ್". ಲೋಕಲ್ ಮಧ್ಯರಾತ್ರಿ ತನಕ ಸಿಗುತ್ತೆ ನಿಜ, ಆದರೆ ಸ್ಟೇಷನ್ನಿನಿಂದ ಮನೆಗೆ ಹೋಗೋ ಬಸ್ಸು ಸಿಗಬೇಕಲ್ಲ.

ಉಳಿದಿದ್ದು ಶನಿವಾರ ಮಧ್ಯಾಹ್ನ 3:30. ಮೂರು ಕಾಟು. ಕ್ಯಾಶಿಯರ್ ಹಾಕಿರಲಿಲ್ಲ, ಊಟದ ರಶ್ ಮುಗಿದು ಸಂಜೆಯ ತಿಂಡಿ ರಶ್ ಶುರುವಾಗೋ ನಡುವಿನ ಬಿಡುವು ಅದು. ಮೆಗಾ ಬ್ಲಾಕಿನ ತಂಟೆ ಭಾನುವಾರಕ್ಕೆ. ಐಟಿಯವರಿಗೆ ರಜೆ. ಮೂರು ಕಾಟಿನ ಕಾರಣ ಓದಿದೆ: ಎರಡು "ಬ್ಯಾಂಕ್", ಒಂದು "ಶಿಫ್ಟ್". ಅಲ್ಲೇ ಉತ್ತರ ಸಿಕ್ಕಿತು. ಫೆ. 17 ಮೂರನೇ ಶನಿವಾರ, ಬ್ಯಾಂಕ್ ಇರುತ್ತೆ. ಫೆ. 24 ನಾಲ್ಕನೇ ಶನಿವಾರ. 2015ರಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಒಂದು ವಾರ ತಳ್ಳಿದರೆ ಎರಡು ಕಾಟು ತಾನಾಗಿ ಹೋಯ್ತು. ಕಾರಣ ಬರೆಸದೇ ಇದ್ದಿದ್ದರೆ ಮೂರು ಕಾಟು ಅಂತ ಬಿಟ್ಟುಬಿಡ್ತಿದ್ದೆ.

ತಳ್ಳಿದ್ದಕ್ಕೆ ಬೆಲೆ ಇದೆ. ತಪ್ಪಿದ ಪಾಠ ಜಾಯಿನ್. ಅದಿಲ್ಲದೆ ಮುಂದಿನ ಎರಡು ಪಾಠ ಅರ್ಥ ಆಗೋದಿಲ್ಲ. ಹಾಗಾಗಿ ನಡುವಿನ ಮೂರು ಕ್ಲಾಸುಗಳಲ್ಲಿ ಒಂದೇ ಟೇಬಲ್ ಇಟ್ಟುಕೊಂಡು ಮಾಡಬಹುದಾದ್ದನ್ನ ಮುಂದಕ್ಕೆ ತಂದೆ: `GROUP BY`, `HAVING`, ತಾರೀಖಿನ ಲೆಕ್ಕ. ಕ್ಯಾಶಿಯರಿನ ಹೋಟೆಲ್ ಬಿಲ್ಲುಗಳ ಮಾದರಿಯಲ್ಲೇ ಒಂದು ಟೇಬಲ್ ಮಾಡಿದೆ:

```sql
SELECT item, COUNT(*)
FROM bills
GROUP BY item;
```

ಲ್ಯಾಬಿನ ಹುಡುಗಿಗೆ 24ಕ್ಕೂ ಶಿಫ್ಟ್ ಇತ್ತು. ಅವಳಿಗೆ ಮುಂದಿನ ಮಂಗಳವಾರ, ಫೆ. 27ರಂದು ಕ್ಲಾಸಿಗೆ ಅರ್ಧ ಗಂಟೆ ಮುಂಚೆ ಬಾ, ಜಾಯಿನ್ ಹೇಳಿಕೊಡ್ತೀನಿ ಅಂದೆ. ಇದನ್ನೆಲ್ಲ ಅದೇ ರಾತ್ರಿ ಎರಡನೇ ಮೇಲಿನಲ್ಲಿ ಬರೆದೆ. ವಿಷಯ: "ಬದಲಿ ಕ್ಲಾಸ್: ಶನಿ, ಫೆ. 24, ಮಧ್ಯಾಹ್ನ 3:30ರಿಂದ 5, ಅದೇ ಕೋಣೆ". ಕೆಳಗೆ ಎರಡೇ ಸಾಲು: 13ರಂದು ತಪ್ಪಿದ ಜಾಯಿನ್ ಪಾಠ ಇದು, 5 ಗಂಟೆಗೆ ಖಂಡಿತ ಬಿಡುತ್ತೇನೆ. ಈ ಎರಡನೇ ಸಾಲು ಕ್ಯಾಶಿಯರಿಗಾಗಿ. ಅವನು ಆ ಮೇಲನ್ನ ಫೋನಿನಲ್ಲಿ ಮಾಲಕರಿಗೆ ತೋರಿಸಿದನಂತೆ.

24ರಂದು ಹನ್ನೆರಡು ಜನ ಬಂದರು. ಬರದ ಇನ್ನೊಬ್ಬನ ಊರಲ್ಲಿ ಮದುವೆ, ಅದನ್ನ ಮೊದಲೇ ಹೇಳಿದ್ದ. 4:58ಕ್ಕೆ ನಾನಿನ್ನೂ ಬೋರ್ಡಿನ ಮೇಲೆ ಎಡ ಟೇಬಲ್, ಬಲ ಟೇಬಲ್ ಅಂತ ಗೆರೆ ಎಳೀತಿದ್ದೆ. ಹಿಂದಿನ ಬೆಂಚಿನಿಂದ ಕ್ಯಾಶಿಯರ್ ವಾಚ್ ತೋರಿಸಿ, "ಸರ್, ಮೇಲಲ್ಲಿ ಐದು ಅಂತ ಇದೆ" ಅಂದ. ಬಿಟ್ಟೆ.